ಪಾಸ್‌ವರ್ಡ್ ಸರಿ ಇದ್ದರೂ ಕೇಳುತ್ತದೆ

ರೂಟರನ್ನು ವೈಫೈಯ ಹೊಸ ಭದ್ರತಾ ವಿಧಾನವಾದ WPA3ಗೆ ಬದಲಿಸಿದ ಮೇಲೆ ಫೋನು ಮತ್ತೆ ಮತ್ತೆ ಪಾಸ್‌ವರ್ಡ್ ಕೇಳಿದರೆ, ‘ಪಾಸ್‌ವರ್ಡ್ ತಪ್ಪಿರುತ್ತದೆ, ಸರಿಯಾಗಿ ಟೈಪ್ ಮಾಡಿ’ ಎಂದಿದ್ದೀರಿ.

ಅಮ್ಮನ ಆಂಡ್ರಾಯ್ಡ್ 9 ಫೋನಿನಲ್ಲಿ ಒಂದೊಂದೇ ಅಕ್ಷರ ನೋಡಿ ನಾಲ್ಕು ಸಲ ಹಾಕಿದೆ, ಮತ್ತೆ ಅದೇ ಪ್ರಶ್ನೆ! ಆಂಡ್ರಾಯ್ಡ್‌ಗೆ WPA3 ಬಂದದ್ದೇ 10ರಲ್ಲಿ. ರೂಟರ್ ಬರೀ WPA3 ಎಂದು ಹಟ ಹಿಡಿದರೆ ಹಳೆ ಫೋನಿಗೆ ಆ ಹೊಸ ಪರಿಚಯದ ಕ್ರಮವೇ ಗೊತ್ತಿಲ್ಲ. ಸೋತು ಸುಮ್ನೆ ಪಾಸ್‌ವರ್ಡ್ ಕೇಳುತ್ತದೆ, ಅಷ್ಟೇ.

ನನ್ನ ಹೊಸ ಫೋನಿನದು ಬೇರೆ ಕಥೆ. ಅದು ನಮ್ಮ ವೈಫೈಯನ್ನು ಹಳೆಯ ವಿಧಾನವಾದ WPA2 ಎಂದೇ ನೆನಪಿಟ್ಟಿತ್ತು. ‘Forget’ ಒತ್ತಿ ಹೊಸದಾಗಿ ಸೇರಿಸಿದೆ, ಆಯ್ತು. ಅಮ್ಮನಿಗಾಗಿ ರೂಟರ್‌ನಲ್ಲಿ WPA2/WPA3 ಮಿಶ್ರ ಆಯ್ಕೆ ಇಟ್ಟೆ, ತಕ್ಷಣ ಸೇರಿತು. ಆದರೆ WPA2 ಬಾಗಿಲು ತೆರೆದೇ ಇರುತ್ತದಲ್ವಾ, ಹಾಗಾಗಿ ಪಾಸ್‌ವರ್ಡನ್ನು ಇನ್ನೂ ಉದ್ದ ಮಾಡಿದೆ. ಅಮ್ಮ ಬೈದರು.