ಸತ್ಯಾಂಶ: ತಣ್ಣನೆಯ ಪ್ರತಿಕ್ರಿಯೆ ಅಸೂಯೆಯ ಗುರುತೇ?

“ನಿಮ್ಮ ಸಿಹಿಸುದ್ದಿಗೆ ಸಂಗಾತಿ ಸಂಭ್ರಮಿಸದಿದ್ದರೆ ಅವರಿಗೆ ಪ್ರೀತಿಯಿಲ್ಲ, ಅಸೂಯೆಯಿದೆ.”

ಇದು ಅರ್ಧಸತ್ಯ. ಮನಶ್ಶಾಸ್ತ್ರಜ್ಞೆ ಶೆಲ್ಲಿ ಗೇಬಲ್ ಮತ್ತು ಸಂಗಡಿಗರ 2004ರ ಅಧ್ಯಯನದಲ್ಲಿ, ಸುದ್ದಿಗೆ ಆಸಕ್ತಿಯಿಂದ ಸ್ಪಂದಿಸುವ ಜೋಡಿಗಳಲ್ಲಿ ತೃಪ್ತಿ ಹೆಚ್ಚಿತ್ತು. ಬರೀ ಮುಗುಳ್ನಕ್ಕು ಸುಮ್ಮನಾಗುವುದು ಕೂಡ ಕಡಿಮೆ ತೃಪ್ತಿಯೊಂದಿಗೆ ತಳಕು ಹಾಕಿಕೊಂಡಿತ್ತು. ಆದರೆ ಅಲ್ಲಿ ಅಳೆದದ್ದು ಸಂಗಾತಿ ಸಾಮಾನ್ಯವಾಗಿ ಸ್ಪಂದಿಸುವ ರೀತಿಯನ್ನೇ ಹೊರತು ಒಂದು ಸಂಜೆಯ ಮುಖಭಾವವನ್ನಲ್ಲ.

ಬಡ್ತಿಯ ಸುದ್ದಿಗೆ “ಒಳ್ಳೆಯದಾಯಿತು” ಎಂದಷ್ಟೇ ಹೇಳಿ ಮಲಗಲು ಹೋದವರು ಮರುದಿನ ತಾವಾಗಿಯೇ “ಹೊಸ ಹುದ್ದೆ ಯಾವಾಗಿನಿಂದ?” ಎಂದು ವಿಚಾರಿಸಿದರೆ, ಹಿಂದಿನ ರಾತ್ರಿ ಕಂಡದ್ದು ಬಹುಶಃ ದಣಿವು. ತಮಗಿಷ್ಟವಾದ ಸಂಗತಿಗಳಲ್ಲೂ ಎರಡು ವಾರಕ್ಕೂ ಮೀರಿ ಅವರಿಗೆ ಖುಷಿ ಕಾಣದಿದ್ದರೆ ಅದು ಖಿನ್ನತೆಯ ಲಕ್ಷಣವಿರಬಹುದು, ಆಗ ವೈದ್ಯರನ್ನು ಕಾಣುವುದು ಒಳ್ಳೆಯದು. ಉಳಿದವರ ಗೆಲುವಿಗೆಲ್ಲ ಸಂತೋಷಪಟ್ಟು, ನಿಮ್ಮ ಸುದ್ದಿಯಲ್ಲಿ ಮಾತ್ರ ಪ್ರತಿ ಬಾರಿಯೂ ಕೊಂಕು ಹುಡುಕುತ್ತಿದ್ದರೆ, ಅದನ್ನು ಇಬ್ಬರೂ ಕುಳಿತು ಮಾತನಾಡಬೇಕು.