ಸಾವಿರದ ಆರುನೂರರ ಸೆನ್ಸರ್‌ಗೆ ಹದಿನೈದು ಸಾವಿರ ಬಿಲ್

ನಿನ್ನೆಯಿಂದ ಹೊಟ್ಟೆ ಉರಿಯುತ್ತಿದೆ. ಬರೆದುಬಿಡುತ್ತೇನೆ.

ನನ್ನದು 11 ವರ್ಷದ ಪೆಟ್ರೋಲ್ ಕಾರು, ಓಡಿರುವುದು 96,000 ಕಿಲೋಮೀಟರ್. ಇರುವುದು ಕಲಬುರಗಿಯಲ್ಲಿ. ಏಪ್ರಿಲ್ ಬಂದರೆ ಇಲ್ಲಿಯ ಬಿಸಿಲು ಹೇಗೆ ಅಂತ ಗೊತ್ತಿದ್ದವರಿಗೆ ಗೊತ್ತು. ಬೆಳಿಗ್ಗೆ ಕಾರು ಬಂಗಾರದಂತೆ ಓಡುತ್ತದೆ. ಮಧ್ಯಾಹ್ನ ಅರ್ಧ ಗಂಟೆ ಓಡಿಸಿದರೆ ಸಾಕು, ಹೋಗ್ತಾ ಹೋಗ್ತಾ ಎಂಜಿನ್ ಒಮ್ಮೆಲೇ ಆಫ್. ಜರ್ಕ್ ಇಲ್ಲ, ಕೆಮ್ಮು ಇಲ್ಲ, ಯಾರೋ ಕೀ ತಿರುಗಿಸಿದ ಹಾಗೆ. ಸೆಲ್ಫ್ ಹೊಡೆದರೆ ಗರಗರ ಅಂತ ಜೋರಾಗಿಯೇ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ. ಮುಕ್ಕಾಲು ಗಂಟೆ ಬಿಟ್ಟು ಹೊಡೆದರೆ ಒಂದೇ ಸಲಕ್ಕೆ ಸ್ಟಾರ್ಟ್.

ಮೊದಲ ಸಲ ಸರ್ವಿಸ್ ಸೆಂಟರ್‌ಗೆ ಒಯ್ದಾಗ ಇದನ್ನೆಲ್ಲ ಬಿಡಿಸಿ ಹೇಳಿದೆ. ಇನ್ನೊಂದು ಮಾತೂ ಹೇಳಿದೆ. ಎಂಜಿನ್ ಆಫ್ ಆದಾಗ ಗಾಡಿ ನಾಲ್ಕನೇ ಗೇರಿನಲ್ಲಿತ್ತು, ಇನ್ನೂ ಉರುಳುತ್ತಿತ್ತು. ಅಂದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿದ್ದವು. ಆದರೂ ಆರ್‌ಪಿಎಂ ಮುಳ್ಳು ಆ ಕ್ಷಣವೇ ಸೊನ್ನೆಗೆ ಬಿತ್ತು. ಸೆಲ್ಫ್ ಹೊಡೆಯುವಾಗಲೂ ಮುಳ್ಳು ಅಲ್ಲಾಡಲಿಲ್ಲ. ನಾನು ಮೆಕ್ಯಾನಿಕ್ ಅಲ್ಲ, ಕಣ್ಣಿಗೆ ಕಂಡದ್ದನ್ನು ಹೇಳಿದೆ. ಕೌಂಟರ್‌ನಲ್ಲಿದ್ದವನು ಬರೆದುಕೊಂಡದ್ದು ಒಂದೇ ಸಾಲು: ‘ಸ್ಟಾರ್ಟಿಂಗ್ ಪ್ರಾಬ್ಲಂ.’

ಈಗ ಗೊತ್ತಾಗಿದೆ, ಆ ಮುಳ್ಳೇ ಉತ್ತರ ಹೇಳುತ್ತಿತ್ತು. ಎಂಜಿನ್ ತಿರುಗುತ್ತಿದ್ದರೂ ಮುಳ್ಳು ಸೊನ್ನೆ ತೋರಿಸಿದರೆ, ತಿರುಗುತ್ತಿದೆ ಅನ್ನುವ ಸುದ್ದಿಯೇ ಗಾಡಿಯ ಕಂಪ್ಯೂಟರ್‌ಗೆ ಮುಟ್ಟುತ್ತಿಲ್ಲ ಎಂದರ್ಥ. ಆ ಸುದ್ದಿ ಕೊಡುವುದು ಕ್ರ್ಯಾಂಕ್ ಸೆನ್ಸರ್. ಕ್ರ್ಯಾಂಕ್‌ಶಾಫ್ಟ್ ಜೊತೆ ತಿರುಗುವ ಹಲ್ಲಿನ ಚಕ್ರದ ಪಕ್ಕದಲ್ಲಿ ಕೂತು, ಹಲ್ಲು ದಾಟಿದಂತೆಲ್ಲ ಒಂದೊಂದು ಮಿಡಿತ ಕಳಿಸುತ್ತದೆ. ಆ ಮಿಡಿತ ನೋಡಿಯೇ ಕಂಪ್ಯೂಟರ್ ಯಾವಾಗ ಪೆಟ್ರೋಲ್ ಬಿಡಬೇಕು, ಯಾವಾಗ ಕಿಡಿ ಕೊಡಬೇಕು ಅಂತ ತೀರ್ಮಾನಿಸುತ್ತದೆ. ಮಿಡಿತ ನಿಂತರೆ ನನ್ನ ಗಾಡಿಯಲ್ಲಿ ಎರಡೂ ಬಂದ್.

ಆದರೆ ಅವರು ಮಾಡಿದ್ದೇನು? ಬ್ಯಾಟರಿ ವೀಕ್ ಅಂದರು. ಸೆಲ್ಫ್ ಜೋರಾಗಿ ತಿರುಗುತ್ತಿದೆ ಅಂತ ನಾನೇ ಹೇಳಿದ್ದೆ! ಹಳೇ ಬ್ಯಾಟರಿ ಕಳಚಿ, ಹೊಸದು ಹಾಕಿ, ಆಮೇಲೆ ಸ್ಕ್ಯಾನರ್ ಚುಚ್ಚಿ ‘ಕೋಡ್ ಏನೂ ಇಲ್ಲ ಸಾರ್’ ಅಂದರು. ಬ್ಯಾಟರಿ ವೈರ್ ಕಳಚಿದರೆ ಎಷ್ಟೋ ಗಾಡಿಗಳಲ್ಲಿ ಉಳಿದಿದ್ದ ದೋಷದ ಕೋಡೂ ಅಳಿಸಿಹೋಗುತ್ತದೆ. ಮೊದಲು ಸ್ಕ್ಯಾನ್, ಆಮೇಲೆ ಸ್ಪ್ಯಾನರ್. ಇಷ್ಟು ಗೊತ್ತಿರಬೇಡವೇ ಅವರಿಗೆ? 5,800 ರೂಪಾಯಿ.

ಒಂಬತ್ತು ದಿನಕ್ಕೆ ಮತ್ತೆ ಅದೇ ಕಥೆ. ಈ ಸಲ ಅವರ ಹುಡುಗನೇ ರಸ್ತೆಗೆ ಬಂದ. ಸೆಲ್ಫ್ ಹೊಡೆದು, ಹಿಂದಿನ ಸೀಟಿಗೆ ಕಿವಿ ಕೊಟ್ಟು, ‘ಪಂಪ್ ಓಡ್ತಿಲ್ಲ ಸಾರ್, ಪೆಟ್ರೋಲ್ ಪಂಪ್ ಹೋಗಿದೆ’ ಅಂದ. ಪಂಪ್ ಓಡುತ್ತಿರಲಿಲ್ಲ, ನಿಜ. ಆದರೆ ಯಾಕೆ ಓಡುತ್ತಿರಲಿಲ್ಲ? ಕೀ ಹಾಕಿದ ಕೂಡಲೇ ಪಂಪ್ ಒಂದೆರಡು ಸೆಕೆಂಡ್ ಗುಂಯ್ ಅಂದು ನಿಲ್ಲುತ್ತದೆ. ಆಮೇಲೆ ಅದು ಓಡಬೇಕಾದರೆ ಎಂಜಿನ್ ತಿರುಗುತ್ತಿದೆ ಅಂತ ಸೆನ್ಸರ್‌ನಿಂದ ಸುದ್ದಿ ಬರಬೇಕು. ಆಕ್ಸಿಡೆಂಟ್ ಆಗಿ ಎಂಜಿನ್ ನಿಂತಮೇಲೂ ಪೆಟ್ರೋಲ್ ಸುರಿಯಬಾರದು ಅಂತ ಮಾಡಿರುವ ವ್ಯವಸ್ಥೆ ಇದು. ಸೆನ್ಸರ್ ಸತ್ತರೆ ಗಟ್ಟಿಮುಟ್ಟಾದ ಪಂಪೂ ಸುಮ್ನೆ ಕೂರುತ್ತದೆ.

ಒಂದು ಪ್ಲಗ್ ಬಿಚ್ಚಿ ಕಿಡಿ ಬರುತ್ತಿದೆಯಾ ಅಂತ ನೋಡಿದ್ದರೆ ಅಲ್ಲೇ ಮುಗಿಯುತ್ತಿತ್ತು. ಪಂಪ್ ಒಂದೇ ಹೋಗಿದ್ದರೆ ಕಿಡಿ ಇರಬೇಕು. ಪೆಟ್ರೋಲೂ ಇಲ್ಲ, ಕಿಡಿಯೂ ಇಲ್ಲ ಅಂದರೆ ಎರಡಕ್ಕೂ ಮೇಲಿರುವುದನ್ನು ಹುಡುಕಬೇಕು. ಐದು ನಿಮಿಷದ ಕೆಲಸ. ಅದನ್ನು ಬಿಟ್ಟು ಹಿಂದಿನ ಸೀಟು ಎಬ್ಬಿಸಿ ಹೊಸ ಪಂಪ್ ಇಳಿಸಿದರು. 9,400 ರೂಪಾಯಿ. ಅಷ್ಟರಲ್ಲಿ ಗಾಡಿ ತಣ್ಣಗಾಗಿತ್ತು, ಸ್ಟಾರ್ಟ್ ಆಯಿತು. ‘ನೋಡಿ ಸಾರ್, ಕ್ಲಿಯರ್’ ಅಂತ ಕೀ ಕೊಟ್ಟರು. ತಣ್ಣಗಾದರೆ ಹೇಗೂ ಸ್ಟಾರ್ಟ್ ಆಗುತ್ತೆ ಅಂತ ನಾನು ಮೊದಲ ದಿನವೇ ಹೇಳಿರಲಿಲ್ವಾ?

ಮೂರನೇ ಸಲದ್ದು ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ. ಸಿಂದಗಿಯಲ್ಲಿ ಮದುವೆ. ಪಕ್ಕದಲ್ಲಿ ನಮ್ಮವ್ವ, 72 ವರ್ಷ. ಜೇವರ್ಗಿ ದಾಟಿ ಒಂದು ಲಾರಿಯನ್ನು ಓವರ್‌ಟೇಕ್ ಮಾಡುತ್ತಿದ್ದೆ. ಅರ್ಧ ದಾಟಿದ್ದೆ, ಎಂಜಿನ್ ಆಫ್. ಸ್ಟೇರಿಂಗ್ ಕಲ್ಲಿನ ಹಾಗೆ ಬಿಗಿಯಾಯಿತು. ಬ್ರೇಕ್ ಎರಡು ಸಲ ಒತ್ತಿದ್ದಕ್ಕೆ ಪೆಡಲ್ ಗಟ್ಟಿಯಾಗಿಹೋಯಿತು, ಎಂಜಿನ್ ನಿಂತರೆ ಬ್ರೇಕಿಗೆ ಸಿಗುವ ಸಹಾಯವೂ ನಿಲ್ಲುತ್ತೆ. ಎದುರಿಗೆ ಬಸ್ಸು. ಲಾರಿಯ ಡ್ರೈವರ್ ಸ್ಲೋ ಮಾಡಿ ಜಾಗ ಬಿಟ್ಟ. ಅದಕ್ಕೇ ನಾವಿಬ್ಬರೂ ಉಳಿದದ್ದು. ಬೇವಿನ ಗಿಡದ ನೆರಳಿಗೆ ಕೂಡಿಸಿದಾಗ ಅವ್ವ ಕೇಳಿದ್ದು ಒಂದೇ: ‘ರಿಪೇರಿ ಮಾಡಿಸಿದ್ದೆ ಅಂದಿದ್ದೆಲ್ಲೋ?’ ಏನಂತ ಉತ್ತರ ಕೊಡಲಿ?

ಕೊನೆಗೆ ಕಂಡುಹಿಡಿದದ್ದು ನಮ್ಮ ಓಣಿಯ ಹಿಂದಿರುವ ತಗಡಿನ ಶೆಡ್ಡಿನ ಮಿಸ್ತ್ರಿ. ಗಾಡಿ ತಣ್ಣಗಿದ್ದಾಗ ಆತ ಕೈ ಹಾಕಲೇ ಇಲ್ಲ. ‘ಮಧ್ಯಾಹ್ನ ಬರ್ರಿ ಸಾಹೇಬ್ರ, ಬಂದ್ ಬೀಳೋತನ ಓಡಸೂನು’ ಅಂದ. ಓಡಿಸಿದೆವು. ರಿಂಗ್ ರೋಡಿನಲ್ಲಿ ನಿಂತಿತು. ಆತ ಬಾನೆಟ್ ಎತ್ತಿ, ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವಲ್ಲಿ ಕೈ ಇಳಿಸಿ, ಸೆನ್ಸರ್‌ನ ಕನೆಕ್ಟರ್ ಬಿಡಿಸಿ ಮೀಟರ್ ಹಿಡಿದ. OL ಅಂತ ತೋರಿಸಿತು. ಒಳಗಿನ ಸುರುಳಿ ಕಟ್ಟಾಗಿದೆ ಅಂತ ಅರ್ಥ. ಒದ್ದೆ ಬಟ್ಟೆ ಸುತ್ತಿ ಕಾದ. ಹತ್ತು ನಿಮಿಷಕ್ಕೆ ಅದೇ ಮೀಟರ್‌ನಲ್ಲಿ 900 ಓಮ್ ಚಿಲ್ಲರೆ ಬಂತು. ಕನೆಕ್ಟರ್ ಕೂಡಿಸಿ ಸೆಲ್ಫ್ ಹೊಡೆದ, ಸ್ಟಾರ್ಟ್! ಬಿಸಿಯಾದಾಗ ಓಮ್ ಸ್ವಲ್ಪ ಏರುವುದು ಸಹಜವಂತೆ, ಪೂರ್ತಿ ಕಟ್ಟಾಗಬಾರದು. ಕೂದಲಿನಂಥ ತಾಮ್ರದ ತಂತಿ ಒಳಗೆಲ್ಲೋ ತುಂಡಾಗಿದೆ, ಕಾದು ಹಿಗ್ಗಿದಾಗ ಬಾಯಿ ಬಿಡುತ್ತೆ, ತಣ್ಣಗಾದಾಗ ಕೂಡಿಕೊಳ್ಳುತ್ತೆ. ನನ್ನದು ಎರಡು ವೈರಿನ ಸೆನ್ಸರ್, ಅದಕ್ಕೇ ಓಮ್ ನೋಡಿದರೆ ಸಾಕಾಯಿತು. ಮೂರು ವೈರಿನದ್ದು ಸಾಮಾನ್ಯವಾಗಿ ಬೇರೆ ಜಾತಿ, ಅದಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ ಅಂತಲೂ ಆತನೇ ಹೇಳಿದ.

ಎಂಜಿನ್ ಆಫ್ ಮಾಡಿದ ಮೇಲೆ ಬಾನೆಟ್ ಒಳಗಿನ ಶಾಖ ಕೆಲಹೊತ್ತು ಜಾಸ್ತಿಯೇ ಆಗುತ್ತೆ, ಗಾಳಿ ಆಡುವುದಿಲ್ಲ, ನೀರು ತಿರುಗುವುದಿಲ್ಲ. ಚಹಾಕ್ಕೆ ಹತ್ತು ನಿಮಿಷ ನಿಲ್ಲಿಸಿದಾಗಲೆಲ್ಲ ನನ್ನ ಗಾಡಿ ಕೈಕೊಡುತ್ತಿದ್ದದ್ದು ಯಾಕೆ ಅಂತ ಈಗ ತಿಳಿಯಿತು.

ಒಂದು ಬೋಲ್ಟು, ಒಂದು ಕನೆಕ್ಟರ್. ಸೆನ್ಸರ್‌ಗೆ 1,650, ಮಿಸ್ತ್ರಿಯ ಕೂಲಿ 300. ಆಮೇಲೆ ಹನ್ನೆರಡು ದಿನ, 42 ಡಿಗ್ರಿ ಬಿಸಿಲಲ್ಲೂ ಒಮ್ಮೆಯೂ ನಿಂತಿಲ್ಲ.

ನಿನ್ನೆ ಆ ಹಳೇ ಸೆನ್ಸರ್ ಹಿಡಿದು ಸರ್ವಿಸ್ ಸೆಂಟರ್‌ಗೆ ಹೋದೆ. ಹೆಬ್ಬೆರಳಿನಷ್ಟು ಕಪ್ಪು ಪ್ಲಾಸ್ಟಿಕ್, ತುದಿಯ ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಮೆತ್ತಿಕೊಂಡಿದೆ. ಟೇಬಲ್ ಮೇಲೆ ಇಟ್ಟು, ನನ್ನ ಹಳೇ ಪಂಪ್ ಎಲ್ಲಿ, ಅದು ಕೆಟ್ಟಿತ್ತು ಅಂತ ತೋರಿಸಿ ಅಂದೆ. ‘ಸ್ಕ್ರ್ಯಾಪ್‌ಗೆ ಹೋಗಿದೆ ಸಾರ್. ಎಲೆಕ್ಟ್ರಿಕಲ್ ಐಟಂ ರಿಟರ್ನ್ ಇಲ್ಲ.’ ಕೌಂಟರ್‌ನಲ್ಲಿದ್ದವನು ಸೆನ್ಸರನ್ನು ಮುಟ್ಟಿಯೂ ನೋಡಲಿಲ್ಲ. ಬಿಸಿ ಇದ್ದಾಗ ಒಮ್ಮೆಯಾದರೂ ಯಾಕೆ ಚೆಕ್ ಮಾಡಲಿಲ್ಲ ಅಂತ ಕೇಳಿದ್ದಕ್ಕೆ, ‘ನಮ್ಮ ಹತ್ರ ಬಂದಾಗ ಗಾಡಿ ಓಡ್ತಿತ್ತಲ್ಲ ಸಾರ್’ ಅಂದ.

ಹಳೇ ಪಂಪ್ ಕೊಡಿ, ಇಲ್ಲ ಅಂದರೆ 9,400 ಕೊಡಿ ಅಂತ ಬರೆದುಕೊಟ್ಟು, ಅದರ ನಕಲಿನ ಮೇಲೆ ಸೀಲ್ ಹಾಕಿಸಿಕೊಂಡು ಬಂದಿದ್ದೇನೆ. ಸೋಮವಾರ ಮತ್ತೆ ಹೋಗುತ್ತೇನೆ.