ಒಂದು ತಿಂಗಳ ಲೆಕ್ಕ ಮತ್ತು ಹಾಲಿನ ಜೊತೆ ಬಂದ ಖರ್ಚುಗಳು

ನನ್ನ ಕೈಗೆ ಬರುವ ಸಂಬಳ 42,600 ರೂಪಾಯಿ. ಬೆಂಗಳೂರಿನ ಮನೆ ಬಾಡಿಗೆ, ಸಾಲದ ಕಂತು, ಊರಿನಲ್ಲಿರುವ ಅಪ್ಪ ಅಮ್ಮನಿಗೆ ಕಳಿಸುವ ಹಣ, ಮಗಳ ಶಾಲಾ ವ್ಯಾನು, ದಿನಸಿ, ಕರೆಂಟು ಎಲ್ಲವೂ ಸೇರಿ 33,000 ದಾಟುವುದಿಲ್ಲ ಎಂಬುದು ನನ್ನ ಮನಸ್ಸಿನಲ್ಲಿದ್ದ ಲೆಕ್ಕ. ಹಾಗಿದ್ದ ಮೇಲೆ ಪ್ರತಿ ತಿಂಗಳೂ ಒಂಬತ್ತು ಸಾವಿರಕ್ಕಿಂತ ಹೆಚ್ಚು ಉಳಿಯಬೇಕಿತ್ತು. ಆದರೆ ಇಪ್ಪತ್ತೆರಡನೇ ತಾರೀಖಿನ ಹೊತ್ತಿಗೆ ಖಾತೆಯಲ್ಲಿ ಎರಡು ಸಾವಿರವೂ ಇರುತ್ತಿರಲಿಲ್ಲ. ದೊಡ್ಡದೇನನ್ನೂ ಕೊಂಡಿರಲಿಲ್ಲವಾದ್ದರಿಂದ ಹಣ ಎಲ್ಲಿ ಹೋಯಿತೆಂದು ಹೆಂಡತಿ ಕೇಳಿದರೆ ನನ್ನಲ್ಲಿ ಉತ್ತರವೂ ಇರುತ್ತಿರಲಿಲ್ಲ. ಹೀಗಾಗಿ ಒಂದು ಸಂಬಳದ ದಿನದಿಂದ ಮುಂದಿನ ಸಂಬಳದ ದಿನದವರೆಗೆ ಪ್ರತಿಯೊಂದು ಖರ್ಚನ್ನೂ ಬರೆದಿಡಲು ಇಬ್ಬರೂ ನಿರ್ಧರಿಸಿದೆವು.

ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಪ್ರತಿ ಸಾಲಿನಲ್ಲಿ ಮೊತ್ತ, ಯಾರಿಗೆ ಕೊಟ್ಟದ್ದು ಎಂಬುದರ ಜೊತೆಗೆ ಮೂರನೆಯದಾಗಿ, ಮನೆಯಿಂದ ಹೊರಡುವಾಗಲೇ ಆ ಖರ್ಚಿನ ಯೋಚನೆ ಇತ್ತೇ ಇಲ್ಲವೇ ಎಂಬುದನ್ನೂ ಬರೆದೆವು. ಇಡೀ ತಿಂಗಳಿನಲ್ಲಿ ಹೆಚ್ಚು ಪ್ರಯೋಜನಕ್ಕೆ ಬಂದದ್ದು ಈ ಮೂರನೆಯದೇ. ಎಟಿಎಂನಿಂದ ಹಣ ತೆಗೆದದ್ದನ್ನು ನಾವು ಖರ್ಚೆಂದು ಬರೆಯಲಿಲ್ಲ. ಆ ನೋಟು ಕೈಬಿಟ್ಟು ಹೋದಾಗ ಮಾತ್ರ ಬರೆದೆವು. ಕ್ರೆಡಿಟ್ ಕಾರ್ಡ್ ಉಜ್ಜಿದ್ದನ್ನು ಬಿಲ್ ಕಟ್ಟುವ ದಿನಕ್ಕೆ ಬಿಡದೆ, ಉಜ್ಜಿದ ದಿನವೇ ಬರೆದೆವು. ರಾತ್ರಿ ಊಟವಾದ ಮೇಲೆ ಬೆಳಗಿನ ಶಿಲ್ಕಿನಿಂದ ಆ ದಿನದ ಖರ್ಚನ್ನು ಕಳೆದು, ಉಳಿದದ್ದನ್ನು ಖಾತೆ ಮತ್ತು ಪರ್ಸಿನಲ್ಲಿರುವ ಹಣದಿಂದ ಕಾರ್ಡಿನ ಬಾಕಿ ಕಳೆದರೆ ಬರುವ ಮೊತ್ತದೊಂದಿಗೆ ತಾಳೆ ನೋಡುತ್ತಿದ್ದೆವು.

ಮೊದಲ ವಾರದ ಕೊನೆಗೇ 640 ರೂಪಾಯಿ ತಾಳೆಯಾಗಲಿಲ್ಲ. ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಅಲ್ಲಿ 1,000 ರೂಪಾಯಿಯ ಒಂದೇ ಸಾಲು ಇತ್ತು. ಪಿನ್ ಒತ್ತದೆ ಹಣ ಕೊಡಬಹುದಾದ ಯುಪಿಐ ಲೈಟ್‌ಗೆ ನಾನು ತುಂಬಿಸಿದ್ದ ಹಣ ಅದು. ಲೈಟ್‌ನಲ್ಲಿ ಹಣ ತುಂಬಿಸಿದ್ದು ಮಾತ್ರ ಸ್ಟೇಟ್‌ಮೆಂಟಿನಲ್ಲಿ ಕಾಣುತ್ತದೆ. ಅದರಿಂದ ಹತ್ತು, ಇಪ್ಪತ್ತು ಎಂದು ಕೊಟ್ಟದ್ದು ಕಾಣುವುದಿಲ್ಲ. ಅದನ್ನು ಆ್ಯಪ್‌ನ ಹಿಸ್ಟರಿಯಲ್ಲೇ ಹುಡುಕಬೇಕು. ಬರೆಯಲು ಮರೆತ ಹದಿನೇಳು ಪಾವತಿಗಳು ಅಲ್ಲಿ ಸಿಕ್ಕಿದವು. ಬ್ಯಾಂಕ್ ಸ್ಟೇಟ್‌ಮೆಂಟ್ ಇದ್ದರೆ ಸಾಕು, ಬೇರೆ ಲೆಕ್ಕ ಯಾಕೆ ಎನ್ನುವವರು ಇದನ್ನು ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಇನ್ನೊಂದು ತೊಂದರೆ ನನ್ನೊಳಗೇ ಇತ್ತು. ಬರೆಯಬೇಕಲ್ಲ ಎಂಬ ಸಂಕೋಚಕ್ಕೆ ಮೊದಲ ಕೆಲವು ದಿನ ನಾನು ಕಚೇರಿಯ ಬಳಿ ಎರಡನೇ ಚಹಾ ಕುಡಿಯುವುದನ್ನೇ ಬಿಟ್ಟಿದ್ದೆ. ಅದನ್ನು ಗಮನಿಸಿದ ಹೆಂಡತಿ, "ಈ ತಿಂಗಳು ಹೊಸ ಮನುಷ್ಯ ಆಗಬೇಡಿ ರೀ, ಯಾವಾಗಲೂ ಹೇಗಿರ್ತೀರೋ ಹಾಗೇ ಇರಿ, ಇಲ್ಲದಿದ್ರೆ ಲೆಕ್ಕ ಬರೆದು ಏನು ಪ್ರಯೋಜನ?" ಎಂದಳು. ಅವಳ ಮಾತು ಸರಿಯಾಗಿತ್ತು. ಉಳಿತಾಯ ಮುಂದಿನ ತಿಂಗಳ ಕೆಲಸ; ಈ ತಿಂಗಳು ನೋಡುವುದಷ್ಟೇ ಕೆಲಸವೆಂದು ಒಪ್ಪಿಕೊಂಡ ಮೇಲೆಯೇ ಪುಸ್ತಕ ನಿಜ ಹೇಳತೊಡಗಿತು.

ತಿಂಗಳ ಕೊನೆಗೆ ಪುಸ್ತಕದಲ್ಲಿ 214 ಸಾಲುಗಳಿದ್ದವು. ನಾನು ಅನುಮಾನಿಸಿದ್ದದ್ದು ಚಹಾದ ಮೇಲೆ. ಚಹಾ, ತಿಂಡಿಗೆ ಆದದ್ದು 1,210 ರೂಪಾಯಿ. ಅದು ಯೋಚಿಸಿಯೇ ಮಾಡಿದ ಖರ್ಚು, ಗೆಳೆಯರ ಜೊತೆ ನಿಂತು ಮಾತಾಡುವ ಹದಿನೈದು ನಿಮಿಷದ ಬೆಲೆಯೂ ಅದರಲ್ಲಿದೆ, ಅದನ್ನು ಬಿಡುವ ಅಗತ್ಯ ನನಗೆ ಕಾಣಲಿಲ್ಲ. ಸೋರಿಕೆ ಇದ್ದದ್ದು ಹಾಲಿನಲ್ಲಿ. ಹಾಲೆಂದರೆ ಹಾಲಿನ ಬೆಲೆಯಲ್ಲ, ಹಾಲು ತರಲು ಹೋಗುವ ಓಡಾಟ. ಆ ತಿಂಗಳು ಸಂಜೆ ಅರ್ಧ ಲೀಟರ್ ಹಾಲಿಗೆಂದು ಬೀದಿ ತುದಿಯ ಅಂಗಡಿಗೆ ಹತ್ತೊಂಬತ್ತು ಸಲ ಹೋಗಿದ್ದೆವು, ಅದರಲ್ಲಿ ಹದಿನಾಲ್ಕು ಸಲ ಹಾಲಿನ ಜೊತೆ ಮತ್ತೇನಾದರೂ ಬಂದಿತ್ತು. ಒಂದು ದಿನ ಬನ್ನು ಮತ್ತು ಚಿಪ್ಸು, ಇನ್ನೊಂದು ದಿನ ಮನೆಯಲ್ಲಿ ಒಂದು ಇದ್ದರೂ ತಂದ ಶ್ಯಾಂಪೂ, ಮಗಳು ಜೊತೆಗೆ ಬಂದ ದಿನ ಐಸ್‌ಕ್ರೀಮು. ಯಾವುದೂ ನೂರು ದಾಟಿರಲಿಲ್ಲ, ಒಟ್ಟು ಮೊತ್ತ 1,130. ಮೂರನೇ ಕಲಂ ಇಲ್ಲದಿದ್ದರೆ ಇವೆಲ್ಲ ದಿನಸಿ ಎಂಬ ಮರ್ಯಾದೆಯ ಹೆಸರಿನಲ್ಲಿ ಸೇರಿಹೋಗುತ್ತಿದ್ದವು.

ಊಟ ತರಿಸಿಕೊಂಡದ್ದು ಒಂಬತ್ತು ಸಲ. ಅದರಲ್ಲಿ ಒಂದು ಬಿಲ್ಲನ್ನು ಬಿಡಿಸಿ ನೋಡಿದೆವು. ಮನೆಯಿಂದ ಏಳುನೂರು ಮೀಟರ್ ದೂರದ ದರ್ಶಿನಿಯಲ್ಲಿ ಎರಡು ಪಲಾವ್ ಮತ್ತು ಒಂದು ಮೊಸರನ್ನಕ್ಕೆ 220 ರೂಪಾಯಿ, ಪಾರ್ಸೆಲ್‌ಗೆ ಹದಿನೈದು ಸೇರಿದರೆ 235. ಅದೇ ದರ್ಶಿನಿಯ ಅದೇ ಊಟಕ್ಕೆ ಆ್ಯಪ್‌ನಲ್ಲಿ 275 ಇತ್ತು. ಇನ್ನಷ್ಟು ಕೊಂಡರೆ 35 ರೂಪಾಯಿ ಡೆಲಿವರಿ ಶುಲ್ಕ ಇರುವುದಿಲ್ಲ ಎಂದು ಕಂಡದ್ದರಿಂದ 60 ರೂಪಾಯಿಯ ಜಾಮೂನು ಸೇರಿಸಿದ್ದೆ. ಪ್ಯಾಕಿಂಗ್, ಪ್ಲಾಟ್‌ಫಾರ್ಮ್ ಶುಲ್ಕ, ತೆರಿಗೆ ಎಲ್ಲ ಸೇರಿ 390 ಆಯಿತು. ಮೂವತ್ತೈದು ಉಳಿಸಲು ಅರವತ್ತು ಕೊಟ್ಟಿದ್ದೆ, ಜಾಮೂನು ಮರುದಿನದವರೆಗೂ ಫ್ರಿಜ್‌ನಲ್ಲಿತ್ತು. ಒಂಬತ್ತು ಬಿಲ್ಲುಗಳಲ್ಲಿ ಹೋಟೆಲಿನ ದರಕ್ಕಿಂತ ಹೆಚ್ಚಿಗೆ ಹೋದದ್ದು 1,180. ಮಳೆಯ ರಾತ್ರಿ ಅಥವಾ ಮಗುವಿಗೆ ಜ್ವರವಿದ್ದ ದಿನ ತರಿಸಿದ್ದರ ಬಗ್ಗೆ ನನಗೆ ಬೇಸರವಿಲ್ಲ, ಆದರೆ ಅಂಥ ದಿನಗಳು ಮೂರೇ ಇದ್ದವು.

ಉಳಿದವು ನಮ್ಮ ಕೈ ಕೂಡ ಆಡದೆ ಹೋದ ಹಣ. ಯಾರೂ ನೋಡದ ಒಂದು ಒಟಿಟಿಗೆ 299, ಫೋಟೊ ಇಡುವ ಜಾಗಕ್ಕೆ 130, ಒಂದು ರೂಪಾಯಿಗೆ ಮೊದಲ ವಾರ ಎಂದು ಸೇರಿದ್ದ ವ್ಯಾಯಾಮದ ಆ್ಯಪ್‌ಗೆ 199. ಆ ಆ್ಯಪ್ ಅನ್ನು ಫೋನಿನಿಂದ ಅಳಿಸಿ ತಿಂಗಳುಗಳಾಗಿದ್ದವು. ಆ್ಯಪ್ ಅಳಿಸಿದರೂ ಹಣ ಕಡಿತಕ್ಕೆ ಕೊಟ್ಟ ಒಪ್ಪಿಗೆ ಅಳಿಯುವುದಿಲ್ಲ. ಯುಪಿಐ ಮೂಲಕ ಕೊಟ್ಟ ಒಪ್ಪಿಗೆಗಳು ಯುಪಿಐ ಆ್ಯಪ್‌ನ ಆಟೋಪೇ ವಿಭಾಗದಲ್ಲಿ ಸಿಗುತ್ತವೆ. ಕಾರ್ಡಿನ ಮೇಲೆ ಕೊಟ್ಟವು ಅಲ್ಲಿ ಕಾಣುವುದಿಲ್ಲ, ಅವನ್ನು ಕಾರ್ಡ್ ಕೊಟ್ಟ ಬ್ಯಾಂಕಿನ ಕಡೆ ನೋಡಬೇಕು. ಫೋನಿನ ಆ್ಯಪ್ ಸ್ಟೋರ್ ಮೂಲಕ ಸೇರಿದ ಚಂದಾಗಳು ಸ್ಟೋರ್‌ನ ಸಬ್‌ಸ್ಕ್ರಿಪ್ಷನ್ ಪುಟದಲ್ಲಿರುತ್ತವೆ. ಇಂಥ ಕಡಿತಕ್ಕೆ ಇಪ್ಪತ್ತನಾಲ್ಕು ಗಂಟೆ ಮೊದಲು ಸೂಚನೆ ಕಳಿಸಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ, ನನಗೂ ಬಂದಿತ್ತು. ಜಾಹೀರಾತಿನ ಮೆಸೇಜುಗಳ ನಡುವೆ ನಾನು ಅದನ್ನು ತೆರೆದೇ ಇರಲಿಲ್ಲ. ಇವುಗಳ ಜೊತೆಗೆ ಹಳೆಯ ಕಂಪನಿಯ ಸಂಬಳದ ಖಾತೆಯಿಂದ 236 ರೂಪಾಯಿ ಹೋಗಿತ್ತು. ಸಂಬಳ ಜಮೆಯಾಗುವುದು ನಿಂತ ಮೇಲೆ ಅದು ಸಾಮಾನ್ಯ ಉಳಿತಾಯ ಖಾತೆಯಾಗಿ, ಕನಿಷ್ಠ ಶಿಲ್ಕಿಲ್ಲವೆಂದು 200 ರೂಪಾಯಿ ದಂಡ, ಅದರ ಮೇಲೆ ಶೇಕಡಾ ಹದಿನೆಂಟು ಜಿಎಸ್‌ಟಿ ಬಿದ್ದಿತ್ತು.

ಈ ನಾಲ್ಕು ಬಗೆಯ ಸೋರಿಕೆ ಸೇರಿದರೆ 3,174 ರೂಪಾಯಿ, ಅಂದರೆ ಸಂಬಳದಲ್ಲಿ ನೂರಕ್ಕೆ ಸುಮಾರು ಏಳೂವರೆ. ಕಾಣೆಯಾಗುತ್ತಿದ್ದ ಒಂಬತ್ತು ಸಾವಿರ ಪೂರ್ತಿ ಸೋರಿಕೆಯಲ್ಲ ಎಂಬುದನ್ನೂ ಹೇಳಬೇಕು. ಸಿಲಿಂಡರ್, ಡಾಕ್ಟರ್ ಫೀಸು, ಎರಡು ಮದುವೆಗಳ ಮುಯ್ಯಿ ಇಂಥವು ನಿಜವಾದ ಖರ್ಚುಗಳೇ. ಮನಸ್ಸಿನ ಲೆಕ್ಕದಲ್ಲಿ ಅವಕ್ಕೆ ಜಾಗ ಕೊಡದೆ ಇದ್ದದ್ದು ನನ್ನ ತಪ್ಪು. ಒಂದು ತಿಂಗಳ ಲೆಕ್ಕಕ್ಕೆ ಇನ್ನೊಂದು ಮಿತಿಯೂ ಇದೆ. ಶಾಲಾ ಶುಲ್ಕ, ವಿಮೆಯ ಕಂತು, ಗೌರಿ ಗಣೇಶ ಹಬ್ಬದ ಬಟ್ಟೆ ಆ ತಿಂಗಳಿನಲ್ಲಿ ಬರದಿದ್ದರೆ ಪುಸ್ತಕದಲ್ಲಿ ಇರುವುದೇ ಇಲ್ಲ. ಅವುಗಳ ವರ್ಷದ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ, ಕೊನೆಯ ಪುಟದಲ್ಲಿ ಪ್ರತ್ಯೇಕವಾಗಿ ಬರೆದೆವು.

ಮರುತಿಂಗಳು ಹಳೆಯ ಖಾತೆ ಮುಚ್ಚಿಸಿ, ಮೂರು ಚಂದಾಗಳಲ್ಲಿ ಫೋಟೊದ್ದನ್ನು ಮಾತ್ರ ಉಳಿಸಿಕೊಂಡೆವು. ಬೆಳಗ್ಗೆ ಹಾಲು ಹಾಕುವ ಹುಡುಗನಿಗೆ ದಿನಕ್ಕೆ ಅರ್ಧ ಲೀಟರ್ ಹೆಚ್ಚಿಗೆ ಹಾಕಲು ಹೇಳಿದೆವು. ಸಂಜೆ ಅಂಗಡಿಗೆ ಹೋಗುವುದು ವಾರಕ್ಕೆ ಒಂದೋ ಎರಡೋ ಸಲಕ್ಕೆ ಇಳಿಯಿತು. ಮಗಳ ಐಸ್‌ಕ್ರೀಮನ್ನು ಭಾನುವಾರಕ್ಕೆ ನಿಗದಿ ಮಾಡಿದ್ದೇವೆ, ಅದನ್ನು ಪುಸ್ತಕದಲ್ಲಿ ಅವಳೇ ಬರೆಯುತ್ತಾಳೆ.